ಬೋರ್ಡ್ ಮತ್ತು ಬಟ್ಟೆ ಮೇಲಿನ ಅಕ್ಷರ ಸೊಟ್ಟಗಾದರೆ ಏನು ಮಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದಿನಸಿ ಅಂಗಡಿಯ ಫೋಟೋ ನನ್ನ ಹತ್ತಿರ ಬಂತು. ಮುಂದೆ ನಿಂತಿದ್ದ ಸ್ಕೂಟರ್ ತೆಗೆಯಬೇಕು, ಮೇಲೆ ಜೋತಾಡುವ ಕೇಬಲ್ ವೈರ್ ತೆಗೆಯಬೇಕು, ಅಷ್ಟೇ ಕೆಲಸ. ಎಐ ಟೂಲ್‌ನಲ್ಲಿ ಹಾಕಿ ತೆಗೆದೆ. ಐದು ನಿಮಿಷದಲ್ಲಿ ಮುಗಿಯಿತು, ಕಳಿಸಿಯೂ ಬಿಟ್ಟೆ. ಸಂಜೆ ಅಂಗಡಿ ಯಜಮಾನರ ಫೋನ್ ಬಂತು. "ಏನ್ ಸಾರ್, ನಮ್ದೇನು ದನದ ಕೊಟ್ಟಿಗೆನಾ?" ಬೋರ್ಡ್ ಮೇಲೆ "ಧನಲಕ್ಷ್ಮಿ ಸ್ಟೋರ್ಸ್" ಅಂತ ಇದ್ದದ್ದು "ದನಲಕ್ಷ್ಮಿ" ಆಗಿತ್ತು. ಸ್ಟೋರ್ಸ್‌ನ ಕೊನೆಯ ಅಕ್ಷರವಂತೂ ಯಾವ ಭಾಷೆಯದ್ದೂ ಆಗಿರಲಿಲ್ಲ. ಬೋರ್ಡನ್ನು ನಾನು ಮುಟ್ಟಿಯೂ ಇರಲಿಲ್ಲ.

ಆ ಮೇಲೆ ಇದೇ ತೊಂದರೆ ಬಗ್ಗೆ ತುಂಬಾ ಜನ ಕೇಳಿದ್ದಾರೆ. ಉತ್ತರಗಳನ್ನೆಲ್ಲ ಒಂದು ಕಡೆ ಇಡುತ್ತಿದ್ದೇನೆ. ಹೆಚ್ಚಿನ ಕಡೆ ಆ ಬೋರ್ಡಿನ ಉದಾಹರಣೆಯನ್ನೇ ಕೊಡುತ್ತೇನೆ.

## ಬೋರ್ಡ್ ಮುಟ್ಟಲೇ ಇಲ್ಲ. ಆದರೂ ಅಕ್ಷರ ಯಾಕೆ ಕೆಟ್ಟಿತು?

ನೀವು ಮುಟ್ಟಿಲ್ಲ, ಟೂಲ್ ಮುಟ್ಟಿದೆ. ಸ್ಟೇಬಲ್ ಡಿಫ್ಯೂಷನ್ ಥರದ ಮಾಡೆಲ್‌ಗಳು ಫೋಟೋ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಮೊದಲು ಫೋಟೋವನ್ನು ಒಳಗೊಳಗೇ ಕುಗ್ಗಿಸಿಕೊಳ್ಳುತ್ತವೆ. ಅಗಲದಲ್ಲಿ 8 ಪಿಕ್ಸೆಲ್, ಎತ್ತರದಲ್ಲಿ 8 ಪಿಕ್ಸೆಲ್ ಸೇರಿ ಒಂದು ಚೌಕ ಆಗುತ್ತದೆ. ಕೆಲಸವೆಲ್ಲ ಆ ಚೌಕಗಳ ಮೇಲೆ ನಡೆಯುತ್ತದೆ. ಕೊನೆಗೆ ಅದನ್ನು ಮತ್ತೆ ಬಿಡಿಸಿ ಫೋಟೋ ಮಾಡಿ ಕೊಡುತ್ತವೆ. ಎಲ್ಲಿ ಬದಲಿಸಬೇಕು ಅಂತ ಗುರುತು ಮಾಡುವ ಮಾಸ್ಕನ್ನು ನೀವು ಸ್ಕೂಟರಿಗೆ ಮಾತ್ರ ಹಾಕಿರಬಹುದು. ಆದರೆ ಕುಗ್ಗಿಸಿ ಬಿಡಿಸುವ ಈ ದಾರಿಯಲ್ಲಿ ಇಡೀ ಫೋಟೋ ಹೋಗಿ ಬಂದಿರುತ್ತದೆ.

ನನ್ನ ಫೋಟೋದ ಲೆಕ್ಕ ನೋಡಿ. ಮೂಲದ ಅಳತೆ 4000×3000. ಬೋರ್ಡಿನ ಒಂದು ಅಕ್ಷರ ಸುಮಾರು 120 ಪಿಕ್ಸೆಲ್ ಎತ್ತರ. ಟೂಲ್ ಅದನ್ನು 1024×768ಕ್ಕೆ ಇಳಿಸಿಕೊಂಡಿತು. ಆಗ ಅಕ್ಷರದ ಎತ್ತರ 31 ಪಿಕ್ಸೆಲ್ ಆಯಿತು. ಎಂಟರಿಂದ ಭಾಗಿಸಿದರೆ ನಾಲ್ಕು ಚೌಕವೂ ಸರಿಯಾಗಿ ಬರುವುದಿಲ್ಲ. ಇಷ್ಟರಲ್ಲೇ "ಕ್ಷ್ಮಿ" ಅನ್ನುವ ಅಕ್ಷರದ ತಲೆ, ಗುಣಿಸು, ಒತ್ತು ಎಲ್ಲ ಹಿಡಿಯಬೇಕು. ಧ ಅಕ್ಷರದ ಹೊಟ್ಟೆ ಸೀಳುವ ಗೀಟಿಗೆ ಸಿಗುವುದು ಮೂರು ಪಿಕ್ಸೆಲ್, ಅಂದರೆ ಅರ್ಧ ಚೌಕವೂ ಇಲ್ಲ. ಅದು ಅಳಿಸಿಹೋಗಿ ದ ಉಳಿಯಿತು. ಇನ್ನೇನಾದೀತು?

ಎಲ್ಲ ಮಾಡೆಲ್‌ಗಳೂ ಒಂದೇ ಮಟ್ಟಕ್ಕೆ ಕೆಡಿಸುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ 1.5 ಮತ್ತು ಎಸ್‌ಡಿಎಕ್ಸ್‌ಎಲ್ ಒಂದೊಂದು ಚೌಕದಲ್ಲಿ 4 ಸಂಖ್ಯೆ ಇಟ್ಟುಕೊಳ್ಳುತ್ತವೆ. ಎಸ್‌ಡಿ 3 ಮತ್ತು ಫ್ಲಕ್ಸ್ 16 ಸಂಖ್ಯೆ ಇಟ್ಟುಕೊಳ್ಳುತ್ತವೆ. ಅದಕ್ಕೇ ಹೊಸದರಲ್ಲಿ ಸಣ್ಣ ಅಕ್ಷರ ಸ್ವಲ್ಪ ಜಾಸ್ತಿ ಉಳಿಯುತ್ತದೆ.

ನಿಮ್ಮ ಟೂಲ್ ಎಷ್ಟು ಕೆಡಿಸುತ್ತದೆ ಅಂತ ನೋಡಬೇಕಾ? ಕಂಫಿಯುಐ ಬಳಸುವವರು ಫೋಟೋವನ್ನು ಕುಗ್ಗಿಸುವ `VAE Encode`ಗೆ ಕೊಟ್ಟು, ನಡುವೆ ಏನೂ ಮಾಡದೆ ನೇರ ಬಿಡಿಸುವ `VAE Decode`ಗೆ ಜೋಡಿಸಿ. ಹೊರಗೆ ಬಂದ ಫೋಟೋದಲ್ಲಿ ಬೋರ್ಡ್ ಓದಿ ನೋಡಿ. ಅಲ್ಲೇ ಅಕ್ಷರ ಕರಗಿದ್ದರೆ ಯಾವ ಪ್ರಾಂಪ್ಟ್ ಹಾಕಿದರೂ ಅದು ಉಳಿಯುವುದಿಲ್ಲ.

## ನೋಡಲು ಚೆನ್ನಾಗೇ ಇದೆ ಅಲ್ವಾ? ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?

ಮೋಸ ಇರುವುದೇ ಇಲ್ಲಿ. ನಮಗೆ ಬೋರ್ಡ್ ಏನು ಹೇಳುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಕಣ್ಣು ತಾನೇ ತಿದ್ದಿಕೊಂಡು ಓದುತ್ತದೆ. ನಾನೂ ಹಾಗೇ ಏಮಾರಿದ್ದು. ಈಗ ಫೋಟೋವನ್ನು ಎರಡು ಪಟ್ಟು ಹಿಗ್ಗಿಸಿ, ಕೊನೆಯ ಅಕ್ಷರದಿಂದ ಮೊದಲ ಅಕ್ಷರದ ಕಡೆಗೆ ಒಂದೊಂದೇ ನೋಡುತ್ತೇನೆ. ಹಿಂದುಮುಂದಾಗಿ ಓದಿದರೆ ಪದ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ.

ಕನ್ನಡದಲ್ಲಿ ಮೊದಲು ಹೋಗುವುದು ಸಣ್ಣ ಗುರುತುಗಳು. ಫ, ಢ, ಧ, ಭ ಇವುಗಳ ಹೊಟ್ಟೆಯ ಸೀಳು ಮುಚ್ಚಿ ಪ, ಡ, ದ, ಬ ಆಗುತ್ತವೆ. ಠ ನಡುವಿನ ಚುಕ್ಕೆ ಹೋದರೆ ರ ಆಗುತ್ತದೆ. ದೀರ್ಘದ ಗುರುತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಒತ್ತುಗಳು ಒಂದು ಕಪ್ಪು ಉಂಡೆ ಆಗುತ್ತವೆ. ಅರ್ಕಾವತ್ತು ಸುಮ್ನೆ ಒಂದು ಕೊಕ್ಕೆ ಆಗಿ ಉಳಿಯುತ್ತದೆ. ನನ್ನ "ಸ್ಟೋರ್ಸ್" ಕೆಟ್ಟದ್ದು ಅಲ್ಲೇ.

ಫೋನ್ ನಂಬರನ್ನು ಮಾತ್ರ ಬೇರೆಯಾಗಿ, ಮೂಲ ಫೋಟೋ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಪದ ತಪ್ಪಾದರೆ ನೋಡಿದವರು ನಗುತ್ತಾರೆ. 3 ಇದ್ದದ್ದು 8 ಆದರೆ ಯಾರಿಗೂ ಅನುಮಾನ ಬರುವುದಿಲ್ಲ, ಕರೆ ಮಾತ್ರ ಇನ್ನೊಬ್ಬರಿಗೆ ಹೋಗುತ್ತದೆ.

## ಮೂಲ ಫೋಟೋ ನನ್ನ ಹತ್ತಿರ ಇದೆ. ರಿಪೇರಿ ಹೇಗೆ?

ಹಾಗಾದರೆ ಅರ್ಧ ಕೆಲಸ ಆದಂತೆಯೇ. ಅಕ್ಷರ ಹೊಸದಾಗಿ ಬರೆಯಬೇಡಿ, ಮೂಲದಿಂದ ವಾಪಸ್ ತನ್ನಿ. ನನ್ನ ಅಂಗಡಿ ಫೋಟೋವನ್ನು ಸರಿ ಮಾಡಿದ್ದು ಹೀಗೆ.

ಫೋಟೋಶಾಪ್‌ನಲ್ಲೋ ಜಿಂಪ್‌ನಲ್ಲೋ ಮೂಲವನ್ನು ಕೆಳಗಿನ ಲೇಯರ್ ಮಾಡಿದೆ. ಎಐನಿಂದ ಬಂದದ್ದನ್ನು 4000×3000ಕ್ಕೆ ಹಿಗ್ಗಿಸಿ ಮೇಲಿಟ್ಟೆ. ಮೇಲಿನ ಲೇಯರಿನ ಬ್ಲೆಂಡ್ ಮೋಡನ್ನು `Difference` ಮಾಡಿದೆ. ಎರಡೂ ಸರಿಯಾಗಿ ಕೂತಿದ್ದರೆ ಚಿತ್ರ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಪೂರ್ತಿ ಕಪ್ಪಾಗುವುದಿಲ್ಲ, ಯಾಕೆಂದರೆ ಚಿಕ್ಕದನ್ನು ಹಿಗ್ಗಿಸಿದ್ದೇವೆ. ಎಲ್ಲ ಅಂಚಿನಲ್ಲೂ ತೆಳು ಗೆರೆ ಉಳಿಯುತ್ತದೆ, ಅದಕ್ಕೆ ಹೆದರಬೇಡಿ. ಗೆರೆ ಒಂದೇ ಪಕ್ಕದಲ್ಲಿ ದಪ್ಪವಾಗಿದ್ದರೆ ಮಾತ್ರ ಲೇಯರ್ ಜಾರಿದೆ ಅಂತ ಅರ್ಥ.

ಜಾರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. 4000×3000 ಫೋಟೋ 1024×768ಕ್ಕೆ ಸರಿಯಾಗಿ ಇಳಿಯುತ್ತದೆ. ಆದರೆ ಕ್ಯಾಮೆರಾದ 3:2 ಅಳತೆಯ ಫೋಟೋ 1024×683 ಆಗುತ್ತದೆ. 683 ಎಂಟರಿಂದ ಭಾಗ ಆಗುವುದಿಲ್ಲ. ಟೂಲ್ ಸದ್ದಿಲ್ಲದೆ ಮೂರು ಸಾಲು ಕತ್ತರಿಸಿ 680 ಮಾಡಿರಬಹುದು, ಅಥವಾ ಸ್ವಲ್ಪ ಅದುಮಿರಬಹುದು. ಕತ್ತರಿಸಿದ್ದರೆ ಲೇಯರನ್ನು ಸರಿಸಿ, ಅದುಮಿದ್ದರೆ ಎತ್ತರ ಎಳೆದು ಕೂರಿಸಿ.

ಕೂತ ಮೇಲೆ ಬ್ಲೆಂಡ್ ಮೋಡನ್ನು `Normal`ಗೆ ತಂದು, ಮೇಲಿನ ಲೇಯರಿಗೆ ಮಾಸ್ಕ್ ಹಾಕಿ ಬೋರ್ಡಿನ ಜಾಗದಲ್ಲಿ ಕಪ್ಪು ಬಳಿದೆ. ಕೆಳಗಿನ ಅಸಲಿ ಬೋರ್ಡ್ ಕಾಣಿಸಿತು. ಮಾಸ್ಕಿನ ಅಂಚನ್ನು ಅಕ್ಷರದ ಸುತ್ತ ಎಳೆಯಬೇಡಿ, ಬೋರ್ಡಿನ ಚೌಕಟ್ಟಿನ ಮೇಲೆ ಎಳೆಯಿರಿ. ಅಲ್ಲಿ ಮೊದಲೇ ಒಂದು ಗೆರೆ ಇರುವುದರಿಂದ ಜೋಡಣೆ ಕಾಣುವುದಿಲ್ಲ. ಅಂಚನ್ನು ಮೂರರಿಂದ ಐದು ಪಿಕ್ಸೆಲ್ ಮೆತ್ತಗೆ ಮಾಡಿದರೆ ಸಾಕು.

ವೈರ್ ಬೋರ್ಡ್ ಮೇಲೇ ಹಾದು ಹೋಗಿದ್ದರೆ? ನನ್ನದರಲ್ಲಿ ಹಾಗೇ ಆಗಿತ್ತು. ಅಸಲಿ ಬೋರ್ಡ್ ತಂದರೆ ವೈರೂ ವಾಪಸ್ ಬಂತು. ಆ ಎರಡು ಜಾಗದಲ್ಲಿ ಕ್ಲೋನ್ ಟೂಲ್ ಹಿಡಿದು ಕೈಯಲ್ಲೇ ಅಳಿಸಿದೆ. "ನ" ಮೇಲೆ ವೈರ್ ಬಿದ್ದಿತ್ತು, ಅದರ ತಲೆಕಟ್ಟನ್ನು ಪಕ್ಕದ "ಧ"ದ ತಲೆಕಟ್ಟಿನಿಂದ ಕಡ ತಂದೆ. ಒಂದೇ ಬೋರ್ಡಿನ ಒಂದೇ ಫಾಂಟ್, ಹಾಗಾಗಿ ಹೊಂದಿತು.

ಇನ್ನೊಂದು ವಿಷಯ ಉಳಿಯುತ್ತದೆ. ಅಸಲಿ ಬೋರ್ಡಿನಲ್ಲಿ ಕ್ಯಾಮೆರಾದ ಸಣ್ಣ ಕಾಳು ಇರುತ್ತದೆ, ಎಐ ಮುಟ್ಟಿದ ಜಾಗ ನುಣ್ಣಗಿರುತ್ತದೆ. ಪಕ್ಕಪಕ್ಕದಲ್ಲಿ ಬೋರ್ಡ್ ಅಂಟಿಸಿದ ಹಾಗೆ ಕಾಣುತ್ತದೆ. ಬೋರ್ಡನ್ನು ನುಣ್ಣಗೆ ಮಾಡಲು ಹೋಗಬೇಡಿ. ಮೇಲಿನ ಲೇಯರಿಗೇ ಸ್ವಲ್ಪ `Add Noise` ಕೊಡಿ.

## ಮುಂದಿನ ಸಲ ಹೀಗಾಗದಂತೆ ಏನು ಮಾಡಲಿ?

ಇಡೀ ಫೋಟೋ ಕೊಡಬೇಡಿ. ಸ್ಕೂಟರ್ ಇರುವಷ್ಟು ಭಾಗ ಕತ್ತರಿಸಿ ಕೊಡಿ, ಬಂದದ್ದನ್ನು ಅದೇ ಜಾಗಕ್ಕೆ ಕೂರಿಸಿ. ಆಟೋಮ್ಯಾಟಿಕ್1111 ಬಳಸುವವರಿಗೆ ಇನ್‌ಪೇಂಟ್‌ನಲ್ಲಿ `Inpaint area` ಅಂತ ಇದೆ. ಅದನ್ನು `Only masked` ಮಾಡಿದರೆ ಟೂಲೇ ಈ ಕೆಲಸ ಮಾಡುತ್ತದೆ. ಕಂಫಿಯುಐನಲ್ಲಿ ಕೊನೆಗೆ `ImageCompositeMasked` ಹಾಕಿ, ಮಾಸ್ಕ್ ಹೊರಗಿನದ್ದನ್ನು ಮೂಲದಿಂದಲೇ ತೆಗೆದುಕೊಳ್ಳುವಂತೆ ಮಾಡಿ.

## ಕೆಟ್ಟ ಜಾಗಕ್ಕೆ ಮಾಸ್ಕ್ ಹಾಕಿ "ಧನಲಕ್ಷ್ಮಿ ಅಂತ ಬರೆ" ಅಂತ ಪ್ರಾಂಪ್ಟ್ ಕೊಟ್ಟರೆ ಆಗಲ್ವಾ?

ಇಂಗ್ಲಿಷಿನ ನಾಲ್ಕಕ್ಷರದ ಪದಕ್ಕೆ ಹೊಸ ಮಾಡೆಲ್‌ಗಳಲ್ಲಿ ಆಗಬಹುದು. ಕನ್ನಡಕ್ಕೆ ನಾನು ಸಮಯ ಹಾಳು ಮಾಡುವುದಿಲ್ಲ.

ಮಾಡೆಲ್ ನಮ್ಮ ಹಾಗೆ ಅಕ್ಷರ ಜೋಡಿಸಿ ಬರೆಯುವುದಿಲ್ಲ, ಬರಹದ ಹಾಗೆ ಕಾಣುವ ಆಕಾರ ಬಿಡಿಸುತ್ತದೆ. ಪ್ರಾಂಪ್ಟನ್ನೂ ಅದು ತುಂಡು ತುಂಡಾಗಿ ಓದುತ್ತದೆ. ಇಂಗ್ಲಿಷಿನ ಒಂದು ಸಾಮಾನ್ಯ ಪದ ಒಂದೇ ತುಂಡು ಆಗಿರಬಹುದು. ನಮ್ಮ "ಕ್ಷ್ಮಿ" ಕಣ್ಣಿಗೆ ಒಂದು ಅಕ್ಷರ, ಆದರೆ ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಕ, ವಿರಾಮ, ಷ, ವಿರಾಮ, ಮ, ಇ-ಕಾರ. ಒಂದೊಂದಕ್ಕೂ 3 ಬೈಟ್, ಒಟ್ಟು 18 ಬೈಟ್. ಈ 18 ಬೈಟ್‌ಗಳ ಸಾಲಿಗೂ ಆ ಆಕಾರಕ್ಕೂ ಏನು ನಂಟು ಅಂತ ಕಲಿಯಲು ಕನ್ನಡ ಬೋರ್ಡುಗಳ ಚಿತ್ರ ರಾಶಿ ರಾಶಿ ಬೇಕು.

ಟೂಲ್ ಎಷ್ಟು ಬದಲಿಸಬಹುದು ಅಂತ ಹೇಳುವ `Denoising strength` ಕಡಿಮೆ ಇಟ್ಟರೆ, ಅಂದರೆ 0.3ರ ಆಸುಪಾಸು, ಕೆಟ್ಟ ಅಕ್ಷರ ಕೆಟ್ಟೇ ಉಳಿಯುತ್ತದೆ, ಸ್ವಲ್ಪ ಚೂಪಾಗುತ್ತದೆ ಅಷ್ಟೇ. 0.7 ದಾಟಿಸಿದರೆ ಇನ್ನೊಂದು ಹೊಸ ತಪ್ಪು ಬರುತ್ತದೆ. ನಡುವೆ ಎಲ್ಲೋ ಸರಿಯಾದ ಜಾಗ ಇದೆ ಅಂತ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ಕೈಯಲ್ಲಿ ನಾಲ್ಕು ಬೋರ್ಡ್ ಬರೆಯಬಹುದಿತ್ತು.

ಅಕ್ಷರದ ಚಿತ್ರವನ್ನು ಕಂಟ್ರೋಲ್‌ನೆಟ್‌ಗೆ ಕೊಟ್ಟು ಆಕಾರ ಹಿಡಿಸುವುದು ಒಂದು ದಾರಿ. ನಿಯಾನ್ ದೀಪದ ಬೋರ್ಡ್, ಮರದಲ್ಲಿ ಕೆತ್ತಿದ ಹೆಸರು ಇಂಥದ್ದಕ್ಕೆ ಚೆನ್ನಾಗಿ ಬರುತ್ತದೆ. ಆದರೆ ಅಕ್ಷರ ದೊಡ್ಡದಾಗಿರಬೇಕು. ಸಣ್ಣ ಸೀಳು, ಒತ್ತು ಅಲ್ಲಿಯೂ ಆ 8 ಪಿಕ್ಸೆಲ್ ಚೌಕಕ್ಕೇ ಸಿಕ್ಕಿಬೀಳುತ್ತವೆ.

## ಇಡೀ ಚಿತ್ರವೇ ಎಐ ಮಾಡಿದ್ದು, ಮೂಲ ಅನ್ನುವುದೇ ಇಲ್ಲ. ಆಗ?

ಆಗ ಅಕ್ಷರವನ್ನು ನೀವೇ ಕೂರಿಸಬೇಕು. ಹೊಸ ಅಂಗಡಿಗೆ ಬೋರ್ಡ್ ಹೇಗೆ ಕಾಣುತ್ತದೆ ಅಂತ ಮಾದರಿ ತೋರಿಸುವವರಿಗೆ ಇದು ದಿನಾ ಬೇಕಾಗುವ ಕೆಲಸ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವ ತಿದ್ದುಪಡಿ 2024ರಲ್ಲಿ ಬಂದ ಮೇಲೆ, ಮಾದರಿಯಲ್ಲೂ ಕನ್ನಡವೇ ದೊಡ್ಡದಾಗಿ ಬರಬೇಕು.

ಮೊದಲು ಬೋರ್ಡನ್ನು ಖಾಲಿ ಮಾಡಿ. ಎಐನ ಅರೆಬರೆ ಅಕ್ಷರದ ಮೇಲೇ ಹೊಸದನ್ನು ಹಾಕಿದರೆ ಹಿಂದಿನದು ಇಣುಕುತ್ತದೆ. ಖಾಲಿ ಹಲಗೆ ಬಿಡಿಸುವುದು ಟೂಲಿಗೆ ಚೆನ್ನಾಗಿ ಬರುತ್ತದೆ, ಆ ಕೆಲಸ ಅದಕ್ಕೇ ಬಿಡಿ.

ಆಮೇಲೆ ಬೋರ್ಡ್ ಎದುರಿನಿಂದ ನೋಡಿದರೆ ಹೇಗಿರುತ್ತದೋ ಹಾಗೆ, ಚಪ್ಪಟೆಯಾಗಿ, ಬೇರೆ ಫೈಲಿನಲ್ಲಿ ಅಕ್ಷರ ಬರೆಯಿರಿ. ಫೈಲಿನ ಅಳತೆ ಅಸಲಿ ಬೋರ್ಡಿನ ಅಳತೆಗೆ ಹೊಂದಬೇಕು. 12 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ ಆದರೆ ಫೈಲೂ 4:1 ಇರಲಿ. ಇದನ್ನು ತಪ್ಪಿದರೆ ಅಕ್ಷರ ಹಿಗ್ಗಿದ ಹಾಗೆ ಕಾಣುತ್ತದೆ, ಎಲ್ಲಿ ತಪ್ಪಿದೆ ಅಂತ ಗೊತ್ತೂ ಆಗುವುದಿಲ್ಲ.

ಈಗ ಆ ಚಪ್ಪಟೆ ಫೈಲಿನ ನಾಲ್ಕು ಮೂಲೆಯನ್ನು ಫೋಟೋದ ಬೋರ್ಡಿನ ನಾಲ್ಕು ಮೂಲೆಗೆ ಎಳೆಯಿರಿ. ಫೋಟೋಶಾಪ್‌ನಲ್ಲಿ `Edit > Transform > Distort`, ಜಿಂಪ್‌ನಲ್ಲಿ `Perspective` ಟೂಲ್. ಅಕ್ಷರದ ಮೂಲೆ ಹಿಡಿದು ಅಂದಾಜಿನಲ್ಲಿ ಎಳೆಯಬೇಡಿ, ಬೋರ್ಡಿನ ಮೂಲೆಗೆ ಬೋರ್ಡಿನ ಮೂಲೆ ಕೂಡಬೇಕು. ಹತ್ತಾರು ಬೋರ್ಡ್ ಮಾಡುವವರಿಗೆ ಪೈಥಾನ್ ಸುಲಭ:

```python
import cv2, numpy as np
photo = cv2.imread("photo.png")
text = cv2.imread("text.png", cv2.IMREAD_UNCHANGED)
h, w = text.shape[:2]
src = np.float32([[0,0],[w,0],[w,h],[0,h]])
dst = np.float32([[812,430],[2010,515],[2004,790],[806,770]])
M = cv2.getPerspectiveTransform(src, dst)
t = cv2.warpPerspective(text, M, (photo.shape[1], photo.shape[0]))
a = t[:, :, 3:4] / 255.0
out = photo * (1 - a) + t[:, :, :3] * a
cv2.imwrite("out.png", out.astype(np.uint8))
```

`text.png` ಹಿನ್ನೆಲೆ ಇಲ್ಲದ, ಅಂದರೆ ಪಾರದರ್ಶಕ ಫೈಲ್ ಆಗಿರಬೇಕು. `dst`ನಲ್ಲಿ ಇರುವುದು ಬೋರ್ಡಿನ ಮೂಲೆಗಳು: ಮೇಲಿನ ಎಡ, ಮೇಲಿನ ಬಲ, ಕೆಳಗಿನ ಬಲ, ಕೆಳಗಿನ ಎಡ. ಈ ಕ್ರಮ ತಪ್ಪಿದರೆ ಬೋರ್ಡ್ ಚಿಟ್ಟೆ ಹಾಗೆ ಮಡಚಿಕೊಳ್ಳುತ್ತದೆ. ಅಕ್ಷರದ ಫೈಲನ್ನು ಬೇಕಾದದ್ದಕ್ಕಿಂತ ತೀರಾ ದೊಡ್ಡದಾಗಿ ಮಾಡಬೇಡಿ. ಹತ್ತು ಪಟ್ಟು ಕುಗ್ಗಿಸಿದರೆ ಅಂಚು ಗರಗಸದ ಹಾಗಾಗುತ್ತದೆ.

ಇಲ್ಲಿಗೆ ಅಕ್ಷರ ಸರಿಯಾದ ಜಾಗದಲ್ಲಿದೆ, ಆದರೆ ಸ್ಟಿಕರ್ ಥರ ಕಾಣುತ್ತದೆ. ಪಕ್ಕದಲ್ಲಿರುವ ಬಾಗಿಲಿನ ಅಂಚು ಎಷ್ಟು ಮೆತ್ತಗಿದೆ ನೋಡಿ, ಅಕ್ಷರಕ್ಕೂ ಅಷ್ಟೇ `Gaussian Blur` ಕೊಡಿ. ಹೆಚ್ಚಿನ ಸಲ ಒಂದು ಪಿಕ್ಸೆಲ್ ಸುತ್ತಮುತ್ತ ಸಾಕು. ಶುದ್ಧ ಬಿಳಿ, ಶುದ್ಧ ಕಪ್ಪು ಹಾಕಬೇಡಿ. ಫೋಟೋದಲ್ಲೇ ಇರುವ ಬಿಳಿ ಗೋಡೆಯಿಂದ ಬಣ್ಣ ಎತ್ತಿಕೊಳ್ಳಿ. ಬೋರ್ಡ್ ಮೇಲೆ ಮರದ ನೆರಳು ಬಿದ್ದಿದ್ದರೆ ಅದು ಅಕ್ಷರದ ಮೇಲೂ ಬೀಳಬೇಕು. ಅದಕ್ಕೆ ಅಕ್ಷರದ ಮೇಲೊಂದು ಲೇಯರ್ ಇಟ್ಟು, ನೆರಳಿನ ಜಾಗವನ್ನು ಬೂದು ಮಾಡಿ, `Multiply` ಮಾಡಿ.

## ಕನ್ನಡ ಟೈಪ್ ಮಾಡಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬೀಳುತ್ತದೆ. ಇದೂ ಎಐ ತಪ್ಪಾ?

ಅಲ್ಲ, ಇದು ಸಾಫ್ಟ್‌ವೇರಿನ ಸೆಟ್ಟಿಂಗ್. ಫೋಟೋಶಾಪ್‌ನಲ್ಲಿ `Paragraph` ಪ್ಯಾನೆಲ್‌ನ ಮೆನುವಿನಲ್ಲಿ `World-Ready Layout` ಆರಿಸಿದರೆ ಒತ್ತು ಸರಿ ಕೂರುತ್ತದೆ. ಜಿಂಪ್‌ನಲ್ಲಿ ಏನೂ ಮಾಡಬೇಕಿಲ್ಲ. ಪೈಥಾನಿನ ಪಿಲ್ಲೋ ಬಳಸುವವರು `features.check("raqm")` ಓಡಿಸಿ ನೋಡಿ. `False` ಬಂದರೆ ಒತ್ತು ಒಡೆಯುತ್ತದೆ.

ಹಳೆ ಡಿಟಿಪಿ ಫೈಲಿನಿಂದ ತಂದ ನುಡಿ ಅಥವಾ ಬರಹದ ಆಸ್ಕಿ ಪಠ್ಯ ಆದರೆ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಕಸದ ಹಾಗೆ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ.

## ಟೀ ಶರ್ಟ್ ಮೇಲಿನ ಬರಹ ಕೆಟ್ಟಿದೆ. ಅದಕ್ಕೂ ಹೀಗೇನಾ?

ಇಲ್ಲ, ಬಟ್ಟೆ ಬೇರೆ ಕಥೆ. ಬೋರ್ಡ್ ಚಪ್ಪಟೆ, ನಾಲ್ಕು ಮೂಲೆ ಸಾಕು. ಬಟ್ಟೆಗೆ ಮೂಲೆಯೇ ಇಲ್ಲ, ಬರೀ ಮಡಿಕೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಮಡಿಕೆಯಲ್ಲಿ ಅಕ್ಷರ ಬಾಗುವುದು, ಅರ್ಧ ಒಳಗೆ ಹೋಗುವುದು ತಪ್ಪಲ್ಲ. ಅಸಲಿ ಬಟ್ಟೆಯಲ್ಲೂ ಹಾಗೇ ಇರುತ್ತದೆ. ಮಡಿಕೆ ಇಲ್ಲದ ಜಾಗದಲ್ಲಿ ಅಕ್ಷರ ಬಾಗಿದ್ದರೆ, ಅಥವಾ ಮಡಿಕೆ ದಾಟಿದ ಮೇಲೆ ಗೆರೆ ಬೇರೆ ಕಡೆ ಹೊರಟಿದ್ದರೆ ಅದು ತಪ್ಪು. ಎಲ್ಲ ಅಕ್ಷರವನ್ನೂ ಇಸ್ತ್ರಿ ಮಾಡಿದ ಹಾಗೆ ನೇರ ಮಾಡಿದರೆ ಬಟ್ಟೆ ಹಲಗೆ ಆಗಿಬಿಡುತ್ತದೆ.

ಇಲ್ಲಿ ಬಳಸುವುದು ಫೋಟೋಶಾಪ್‌ನ `Displace`. ಜಿಂಪ್‌ನಲ್ಲೂ `Filters > Map` ಒಳಗೆ ಇದೆ. ಅಕ್ಷರ ಅಳಿಸಿದ ಖಾಲಿ ಶರ್ಟಿನ ಒಂದು ಪ್ರತಿ ತೆಗೆದು, ಕಪ್ಪುಬಿಳುಪು ಮಾಡಿ, ಐದರಿಂದ ಹತ್ತು ಪಿಕ್ಸೆಲ್ ಮಸುಕು ಮಾಡಿ, `.psd` ಆಗಿ ಉಳಿಸಿ. ಇದು ಮಡಿಕೆಗಳ ನಕ್ಷೆ. ಅಕ್ಷರದ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, `Filter > Distort > Displace` ಕೊಟ್ಟು, ಎರಡೂ ಕಡೆ 8 ಅಂತ ಹಾಕಿ, ಆ ನಕ್ಷೆ ಆರಿಸಿ. ನಕ್ಷೆಯಲ್ಲಿ ನಡುವಿನ ಬೂದು, ಅಂದರೆ 128 ಇರುವ ಕಡೆ ಅಕ್ಷರ ಅಲುಗಾಡುವುದಿಲ್ಲ. ಕಪ್ಪಿರುವ ಕಡೆ ಒಂದು ದಿಕ್ಕಿಗೆ, ಬಿಳಿ ಇರುವ ಕಡೆ ಇನ್ನೊಂದು ದಿಕ್ಕಿಗೆ ಜಾರುತ್ತದೆ. ಮಸುಕು ಮಾಡದೆ ಕೊಟ್ಟರೆ ನೇಯ್ಗೆಯ ಒಂದೊಂದು ಎಳೆಯೂ ಅಕ್ಷರವನ್ನು ಕಚ್ಚುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ. ಬೆಳಕು ಕಂಡರೆ ಉಬ್ಬು, ಕತ್ತಲೆ ಕಂಡರೆ ತಗ್ಗು ಅಂತ ಅದು ನಂಬುತ್ತದೆ. ಶರ್ಟಿನ ಮೇಲೆ ಕಲೆ ಇದ್ದರೆ ಅದನ್ನೂ ಮಡಿಕೆ ಅಂದುಕೊಳ್ಳುತ್ತದೆ. ಪಟ್ಟೆ ಪಟ್ಟೆ ಬಟ್ಟೆಗಂತೂ ಬೇಡವೇ ಬೇಡ. ಅಂಥ ಕಡೆ `Warp` ಹಿಡಿದು ಕೈಯಲ್ಲೇ ಬಾಗಿಸಿ. ಆಳವಾದ ಮಡಿಕೆಯೊಳಗೆ ಹೋಗಬೇಕಾದ ಅಕ್ಷರದ ಭಾಗವನ್ನು ಯಾವ ಫಿಲ್ಟರೂ ಅಡಗಿಸುವುದಿಲ್ಲ. ಅಲ್ಲಿ ಮಾಸ್ಕ್ ಹಾಕಿ ನೀವೇ ಅಡಗಿಸಬೇಕು.

ತಿಳಿ ಬಣ್ಣದ ಬಟ್ಟೆ ಮೇಲೆ ಗಾಢ ಅಕ್ಷರ ಆದರೆ ಲೇಯರನ್ನು `Multiply` ಮಾಡಿದರೆ ಮಡಿಕೆಯ ನೆರಳು ತಾನೇ ಬರುತ್ತದೆ. ಕಪ್ಪು ಬಟ್ಟೆ ಮೇಲೆ ಬಿಳಿ ಅಕ್ಷರಕ್ಕೆ ಅದು ಆಗುವುದಿಲ್ಲ, ಅಕ್ಷರವೇ ಮಾಯ ಆಗುತ್ತದೆ. ಆಗ ಅಕ್ಷರವನ್ನು `Normal` ಬಿಟ್ಟು, ಬಣ್ಣವನ್ನು ತುಸು ಬೂದು ಮಾಡಿ. ಅದೇ ನಕ್ಷೆಯ ಒಂದು ಪ್ರತಿಯನ್ನು ಬೆಳಕು ಏರಿಸಿ ಅಕ್ಷರದ ಮೇಲೆ ಕ್ಲಿಪ್ ಮಾಡಿ `Multiply` ಕೊಡಿ.

## ಜರ್ಸಿ ಮೇಲಿನ ಹೆಸರು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿದೆ.

ಯಾರೋ ಫೋಟೋವನ್ನು ಅಡ್ಡಲಾಗಿ ತಿರುಗಿಸಿದ್ದಾರೆ, ಅಥವಾ ಮುಂದಿನ ಕ್ಯಾಮೆರಾದ ಸೆಲ್ಫಿ. ಇಡೀ ಫೋಟೋವನ್ನು ವಾಪಸ್ ತಿರುಗಿಸಿ. ಹೆಸರಿನ ಭಾಗ ಮಾತ್ರ ತಿರುಗಿಸಿದರೆ ಅದರೊಳಗಿನ ಮಡಿಕೆಯ ನೆರಳು ಉಲ್ಟಾ ಆಗುತ್ತದೆ.

## ಮಸುಕಾದ ಬೋರ್ಡನ್ನು ಅಪ್‌ಸ್ಕೇಲ್ ಮಾಡಿದರೆ ಓದಲು ಬರುತ್ತಾ?

ಚೂಪಾಗಿ ಕಾಣುತ್ತದೆ, ಆದರೆ ಆ ಚೂಪು ಟೂಲ್ ಊಹಿಸಿದ್ದು. ಆರು ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ಅದು ಪ ಇತ್ತೋ ಫ ಇತ್ತೋ ಅನ್ನುವ ಮಾಹಿತಿಯೇ ಇರುವುದಿಲ್ಲ. ಗಾಡಿ ನಂಬರ್ ಓದಲು, ದೂರು ಕೊಡಲು ಇಂಥ ಫೋಟೋ ಬಳಸಲೇಬೇಡಿ. ಬರೀ ಚಂದಕ್ಕಾಗಿ ಅಪ್‌ಸ್ಕೇಲ್ ಮಾಡುವುದಿದ್ದರೆ, ಮೊದಲು ಅಪ್‌ಸ್ಕೇಲ್ ಮಾಡಿ ಆಮೇಲೆ ಅಕ್ಷರ ಕೂರಿಸಿ. ಉಲ್ಟಾ ಮಾಡಿದರೆ ನೀವು ಕಷ್ಟಪಟ್ಟು ಕೂರಿಸಿದ್ದನ್ನೂ ಅದು ಕೆಡಿಸುತ್ತದೆ.

## ವಿಡಿಯೊದಲ್ಲಿ ಬೋರ್ಡ್ ಅಕ್ಷರ ಕುಣಿಯುತ್ತದೆ.

ಒಂದೊಂದು ಫ್ರೇಮ್‌ನಲ್ಲೂ ಟೂಲ್ ಬೇರೆ ಥರ ಊಹಿಸುತ್ತಿದೆ. ಒಂದೇ ಫ್ರೇಮ್‌ಗೆ ಬೋರ್ಡ್ ಸರಿ ಮಾಡಿ, ಅದನ್ನು ಚಪ್ಪಟೆ ಜಾಗದ ಚಲನೆ ಹಿಂಬಾಲಿಸುವ ಪ್ಲೇನಾರ್ ಟ್ರ್ಯಾಕಿಂಗ್‌ನಿಂದ ಉಳಿದವಕ್ಕೆ ಅಂಟಿಸಿ. ಆಫ್ಟರ್ ಎಫೆಕ್ಟ್ಸ್ ಜೊತೆ ಬರುವ ಮೋಕಾ ಇದಕ್ಕೇ ಇರುವುದು. ಬೋರ್ಡ್ ಮುಂದೆ ಯಾರಾದರೂ ಹಾದುಹೋದರೆ ಅವರಿಗೆ ಬೇರೆ ಮಾಸ್ಕ್ ಬೇಕು. ಇಲ್ಲದಿದ್ದರೆ ಅಂಗಡಿ ಹೆಸರು ಅವರ ಮುಖದ ಮೇಲೆ ಬರುತ್ತದೆ.

## ಹಿಂದೆ ದೂರದಲ್ಲಿ ಹತ್ತು ಬೋರ್ಡ್ ಇವೆ. ಎಲ್ಲವನ್ನೂ ಸರಿ ಮಾಡಬೇಕಾ?

ಬೇಡ. ಓದಲು ಬಾರದಷ್ಟು ದೂರ ಇದ್ದರೆ ಮಸುಕು ಮಾಡಿ ಬಿಟ್ಟುಬಿಡಿ. ಅಸಲಿ ಕ್ಯಾಮೆರಾದಲ್ಲೂ ದೂರದ ಬೋರ್ಡ್ ಮಸುಕೇ ಇರುತ್ತದೆ. ತೊಂದರೆ ಇರುವುದು ಓದಬಹುದು ಅನ್ನಿಸುವಷ್ಟು ಹತ್ತಿರ ಇದ್ದು ಓದಲು ಹೋದರೆ ಅರ್ಥ ಆಗದ ಬೋರ್ಡುಗಳಲ್ಲಿ. ಅವನ್ನು ಖಾಲಿ ಮಾಡಿ, ಇಲ್ಲವೇ ಎದುರಿಗೆ ಒಂದು ಮರದ ಕೊಂಬೆ ತನ್ನಿ. ನನ್ನ ಅಂಗಡಿ ಫೋಟೋದಲ್ಲಿ ಪಕ್ಕದ ಟೈಲರ್ ಅಂಗಡಿಯ ಬೋರ್ಡಿಗೆ ನಾನು ಮಾಡಿದ್ದು ಅದನ್ನೇ. ಆದರೆ ಆ ಟೈಲರ್ ಫೋಟೋ ನೋಡಿ, "ನಮ್ಮ ಬೋರ್ಡ್ ಮುಂದೆ ಮರ ಯಾವಾಗ ಬಂತು?" ಅಂತ ಕೇಳಿದರು. ಅವರ ಬೋರ್ಡನ್ನೂ ಮೂಲದಿಂದ ವಾಪಸ್ ತಂದು ಕೊಟ್ಟೆ.